ಮೊದಲು ಗದ್ಯ, ಆಮೇಲೆ ಗೂಢಾರ್ಥ

ನಮ್ಮ ಗಡಿನಾಡ ಸಾಹಿತ್ಯ ಸಭೆಗಳಲ್ಲಿ ಒಂದು ರೂಢಿ ಬೇರುಬಿಟ್ಟಿದೆ. ಕೊಲ್ಹಾಪುರವಾಗಲಿ, ಇಚಲಕರಂಜಿಯಾಗಲಿ, ಗಡಹಿಂಗ್ಲಜವಾಗಲಿ, ವೇದಿಕೆಯ ಮೇಲೆ ಕವಿತೆಯೊಂದರ ವಾಚನವಾಗುತ್ತದೆ. ಕೊನೆಯ ಸಾಲಿನ ದನಿ ಅಡಗುವ ಮೊದಲೇ ವ್ಯಾಖ್ಯಾನಕಾರರು ಎದ್ದು ನಿಂತು ಅದರಲ್ಲಿ ಅದ್ವೈತವನ್ನೋ, ವಿಶ್ವಮಾನವತೆಯನ್ನೋ, ಅನುಭಾವವನ್ನೋ ಕಂಡುಬಿಡುತ್ತಾರೆ. ಕವಿತೆಯ ಎರಡನೆಯ ಸಾಲಿನ ಕ್ರಿಯಾಪದಕ್ಕೆ ಕರ್ತೃ ಯಾರು ಎಂದು ಯಾರಾದರೂ ಕೇಳಿದರೆ ಸಭೆಯಲ್ಲಿ ನಗೆಯೇಳುತ್ತದೆ. ಇದೇನು ಶಾಲೆಯ ವ್ಯಾಕರಣದ ತಾಸೇ ಎಂಬ ಭಾವ. ನಮ್ಮ ವಾದ ಇದಕ್ಕೆ ನೇರವಾಗಿ ವಿರುದ್ಧವಾದುದು. ಆ ಪ್ರಶ್ನೆಗೆ ಉತ್ತರ ಹೇಳಲಾಗದವರು ಆ ಕವಿತೆಯ ಅಧ್ಯಾತ್ಮದ ಕುರಿತು ಹೇಳುವುದನ್ನು ನಾವು ಕೇಳಬೇಕಾದ ಕಾರಣವಿಲ್ಲ.

ಕವಿತೆಯನ್ನು ಸಾಲು ಸಾಲಾಗಿ ಸರಳ ಗದ್ಯಕ್ಕೆ ಇಳಿಸಿ, ಅನಂತರವೇ ಅದರ ಒಳಾರ್ಥಕ್ಕೆ ಕೈಹಾಕಬೇಕೆಂಬುದು ಹೊಸ ಮಾತಲ್ಲ. ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಎಂಬ ಕ್ರಮದಲ್ಲಿ ನಮ್ಮ ಹಿರಿಯರು ಕಾವ್ಯ ಓದಿದರು. ಕಾಳಿದಾಸನಿಗೆ ಟೀಕೆ ಬರೆದ ಮಲ್ಲಿನಾಥನು, ಮೂಲದಲ್ಲಿ ಇಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ ಎಂದು ಮೊದಲೇ ಕಟ್ಟುಹಾಕಿಕೊಂಡನು. ಈ ಕ್ರಮದಲ್ಲಿ ತಾತ್ಪರ್ಯಕ್ಕೆ ಕೊನೆಯ ಸ್ಥಾನ. ಇಂದಿನ ಪರೀಕ್ಷೆಯ ಕೈಪಿಡಿಗಳು ಮೊದಲಿನ ಮೂರನ್ನೂ ತೆಗೆದುಹಾಕಿ ತಾತ್ಪರ್ಯವೊಂದನ್ನೇ 'ಸಾರಾಂಶ' ಎಂಬ ಹೆಸರಿನಲ್ಲಿ ಮಾರುತ್ತಿವೆ. ಸಾರಾಂಶಕ್ಕೂ ನಾವು ಹೇಳುವ ಗದ್ಯಕ್ಕೂ ಸಂಬಂಧವಿಲ್ಲ. ಸಾರಾಂಶವು ಕವಿತೆಯನ್ನು ಚಿಕ್ಕದು ಮಾಡುತ್ತದೆ, ತಿಳಿಯದ ಸಾಲನ್ನು ಸದ್ದಿಲ್ಲದೆ ದಾಟುತ್ತದೆ. ಸಾಲುಗದ್ಯವು ಕವಿತೆಗಿಂತ ಉದ್ದವಾಗುತ್ತದೆ. ಒಂದು ಪದವನ್ನೂ ದಾಟಲು ಬಿಡುವುದಿಲ್ಲ.

ಈ ಶಿಸ್ತಿಗೆ ಮೇಲ್ಪಂಕ್ತಿ ನಮ್ಮ ಊರಿನಲ್ಲಿಯೇ ಇದೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿ 1939ರಲ್ಲಿ ಪ್ರಕಟಿಸಿದರು. ಈ ಭಾಗವನ್ನಾಳಿದ ಶಿಲಾಹಾರರ ಕಾಲದ ಕನ್ನಡ ಶಾಸನಗಳನ್ನು ಓದುವ ವಿದ್ವಾಂಸನ ಪಾಡನ್ನು ಊಹಿಸಿಕೊಳ್ಳಿರಿ. ಕಲ್ಲಿನ ಮೇಲೆ ಒಂದು ಅಕ್ಷರ ಸವೆದಿದ್ದರೆ ಆತನು ಅದನ್ನು ಸವೆದಿದೆ ಎಂದೇ ಗುರುತಿಸುತ್ತಾನೆ. ತಾನು ಊಹಿಸಿ ತುಂಬಿದ ಅಕ್ಷರವನ್ನು ಕಂಸದೊಳಗಿಡುತ್ತಾನೆ. ಸಂಶಯವಿದ್ದಲ್ಲಿ ಪ್ರಶ್ನೆಯ ಗುರುತು ಹಾಕುತ್ತಾನೆ. ದಾನ ಕೊಟ್ಟವನಾರು, ಪಡೆದವನಾರು, ಭೂಮಿಯ ಎಲ್ಲೆ ಯಾವುದು ಎಂಬುದು ತಿಳಿಯುವ ಮೊದಲು ಆ ರಾಜನ ಧರ್ಮದೃಷ್ಟಿಯ ಮೇಲೆ ಪ್ರಬಂಧ ಬರೆಯಲು ಹೋಗುವುದಿಲ್ಲ. ಕವಿತೆಗೂ ಇಷ್ಟೇ ಮರ್ಯಾದೆ ಸಲ್ಲಲಿ ಎನ್ನುವುದು ನಮ್ಮ ಬೇಡಿಕೆ.

ಮಾತು ಬರಿಯ ಮಾತಾಗದಿರಲೆಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ತೋರಿಸುತ್ತೇವೆ. ಹೆಸರಾದ ಕವಿಯ ಪದ್ಯವನ್ನು ತೆಗೆದುಕೊಂಡರೆ ಓದುಗರ ತಲೆಯಲ್ಲಿ ಆಗಲೇ ಕುಳಿತಿರುವ ವ್ಯಾಖ್ಯಾನ ಅಡ್ಡ ಬರುತ್ತದೆ. ಆದುದರಿಂದ ಈ ಲೇಖನಕ್ಕೆಂದೇ, ತೊಡಕುಗಳನ್ನು ಬೇಕೆಂದು ಇಟ್ಟು, ನಾಲ್ಕು ಸಾಲುಗಳನ್ನು ನಾವೇ ಹೊಸೆದಿದ್ದೇವೆ. ಕಾವ್ಯವೆಂದು ಇವನ್ನು ಯಾರೂ ಮೆಚ್ಚಬೇಕಾಗಿಲ್ಲ.

ಹೊಳೆಯ ನೆನೆದು ನಿಂತ ಕಲ್ಲು ಹೇಳದ ಮಾತ
ಮಗ್ಗದೊಳಗೆ ಕೇಳಿದವಳು ನೇಯ್ದಳೇನು?
ರಾಗ ತೀರದ ಎಳೆಗೆ ಇರುಳೆ ಹೊಕ್ಕು;
ಬೆಳಗು ಬಿಡಿಸಿದರೆ ಸೀರೆ, ಬಿಡದಿರೆ ನೀರು.

ಇದನ್ನು ಸಭೆಯಲ್ಲಿ ಓದಿದರೆ ಏನಾಗುವುದೆಂದು ನಾವು ಬಲ್ಲೆವು. ಹೊಳೆಯೆಂದರೆ ಸಂಸಾರ, ಕಲ್ಲೆಂದರೆ ಲಿಂಗ, ನೇಯುವವಳು ಜೀವಾತ್ಮ, ಕೊನೆಯ ನೀರು ಮುಕ್ತಿ ಎಂದು ಎರಡು ನಿಮಿಷದಲ್ಲಿ ತೀರ್ಪು ಬರುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಈಗ ಪೆನ್ನು ಹಿಡಿದು ಕುಳಿತುಕೊಳ್ಳೋಣ.

ಮೊಟ್ಟಮೊದಲು ಹುಡುಕಬೇಕಾದುದು ಪೂರ್ಣ ಕ್ರಿಯಾಪದವನ್ನು. ಕನ್ನಡದ ವಾಕ್ಯ ಅದರ ಮೇಲೆ ನಿಲ್ಲುತ್ತದೆ. ನಾಲ್ಕು ಸಾಲುಗಳಲ್ಲಿ ಅಂಥದು ಒಂದೇ ಒಂದು: 'ನೇಯ್ದಳು'. ಆದ್ದರಿಂದ ಮೊದಲ ಎರಡು ಸಾಲು ಸೇರಿ ಒಂದೇ ವಾಕ್ಯ. ಮೊದಲ ಸಾಲನ್ನು ಮಾತ್ರ ಬಿಡಿಯಾಗಿ ಅರ್ಥೈಸಲು ಹೊರಟವರು ಎಡವುತ್ತಾರೆ. ಸಾಲಿಗೊಂದು ಗದ್ಯವಾಕ್ಯ ಎಂಬ ನಿಯಮವನ್ನು ಕುರುಡಾಗಿ ಹಿಡಿಯಬಾರದೆಂಬುದಕ್ಕೆ ಇದೇ ಕಾರಣ. ಸಾಲಿನ ಅಂಕಿಯನ್ನು ಬದಿಯಲ್ಲಿ ಬರೆದುಕೊಳ್ಳಬೇಕು, ವಾಕ್ಯ ಎಲ್ಲಿಯವರೆಗೆ ಹರಿಯುವುದೋ ಅಲ್ಲಿಯವರೆಗೆ ಹೋಗಬೇಕು. ಮೂರನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ ಪೂರ್ಣ ಕ್ರಿಯಾಪದವೇ ಇಲ್ಲ. ಅಲ್ಲಿ 'ಆಗಿದೆ', 'ಆಗುತ್ತದೆ' ಎಂಬುದನ್ನು ನಾವೇ ಸೇರಿಸಬೇಕು. ಸೇರಿಸಿದ್ದನ್ನು ಕಂಸದಲ್ಲಿ ಇಡಬೇಕು.

ಎರಡನೆಯ ಕೆಲಸ ವಿಭಕ್ತಿಯದು. 'ಮಾತ' ಎಂದರೆ 'ಮಾತನ್ನು'. ಕಾವ್ಯದಲ್ಲಿ ದ್ವಿತೀಯೆಯ ಪ್ರತ್ಯಯ ಹೀಗೆ ಮೊಟಕಾಗುತ್ತದೆ. ಹಾಗಿದ್ದರೆ 'ಹೊಳೆಯ' ಎಂಬುದು ಏನು? 'ಹೊಳೆಯನ್ನು' ಎಂಬುದರ ಮೊಟಕು ರೂಪವೇ? ಅಥವಾ ದಿನಬಳಕೆಯ ಷಷ್ಠಿಯೇ? ಇದರ ಉತ್ತರದ ಮೇಲೆ 'ನೆನೆದು' ಎಂಬುದರ ಅರ್ಥ ನಿಂತಿದೆ. ಕನ್ನಡದಲ್ಲಿ ನೆನೆ ಎಂದರೆ ನೆನಪಿಸಿಕೊಳ್ಳುವುದೂ ಹೌದು, ತೊಯ್ಯುವುದೂ ಹೌದು. ದ್ವಿತೀಯೆ ಎಂದು ಹಿಡಿದರೆ 'ಹೊಳೆಯನ್ನು ನೆನಪಿಸಿಕೊಂಡು ನಿಂತ ಕಲ್ಲು'. ಷಷ್ಠಿ ಎಂದು ಹಿಡಿದರೆ 'ತೊಯ್ದು ನಿಂತಿರುವ, ಹೊಳೆಯ ಕಲ್ಲು'. ಎರಡೂ ವ್ಯಾಕರಣಕ್ಕೆ ಒಪ್ಪುತ್ತವೆ. ಆದರೆ ಎರಡರ ಚಿತ್ರ ಒಂದೇ ಅಲ್ಲ. ಹೊಳೆಯನ್ನು ನೆನಪಿಸಿಕೊಳ್ಳುವ ಕಲ್ಲು ಈಗ ಹೊಳೆಯಲ್ಲಿ ಇಲ್ಲ. ಅದನ್ನು ಎತ್ತಿ ತಂದು ಗೋಡೆಗೋ ಗುಡಿಗೋ ಹಚ್ಚಿರಬಹುದು, ಇಲ್ಲವೆ ಹೊಳೆಯೇ ಬತ್ತಿರಬಹುದು. ತೊಯ್ದು ನಿಂತ ಕಲ್ಲು ಇನ್ನೂ ನೀರಿನಲ್ಲಿಯೇ ಇದೆ. ಗದ್ಯದಲ್ಲಿ ಒಂದನ್ನು ಮೇಲೆ, ಇನ್ನೊಂದನ್ನು ಅದರ ಕೆಳಗೆ ಬರೆಯಬೇಕು. ಇಷ್ಟನ್ನು ಮಾಡದೆ ಹೊಳೆ ಸಂಸಾರ, ಕಲ್ಲು ಲಿಂಗ ಎಂದವರಿಗೆ, ಲಿಂಗವು ಸಂಸಾರದ ಒಳಗಿದೆಯೋ ಹೊರಗಿದ್ದು ಅದನ್ನು ಹಂಬಲಿಸುತ್ತಿದೆಯೋ ಎಂಬುದೇ ಗೊತ್ತಿರುವುದಿಲ್ಲ. ಕವಿತೆ ಕೇಳುವ ಪ್ರಶ್ನೆಯೇ ಅವರ ಕಿವಿಗೆ ಬಿದ್ದಿಲ್ಲ.

'ಕೇಳಿದವಳು' ಎಂಬಲ್ಲಿಯೂ ಇಬ್ಬಗೆ ಇದೆ: ಆಲಿಸಿದವಳೇ, ಪ್ರಶ್ನಿಸಿದವಳೇ? ಹಿಂದೆ 'ಹೇಳದ ಮಾತ' ಎಂಬ ಕರ್ಮವಿರುವುದರಿಂದ ಆಲಿಸಿದವಳು ಎಂಬುದೇ ಸರಿ. ಹೇಳದೆ ಇರುವ ಮಾತನ್ನು ಆಕೆ ಕೇಳಿದಳು ಎಂದು ಗದ್ಯದಲ್ಲಿ ಬರೆದಾಗ ಒಂದು ವಿರೋಧ ಎದ್ದು ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಿ 'ಮೌನದ ಭಾಷೆಯನ್ನು ಅರಿತಳು' ಎಂದು ತಿದ್ದಬಾರದು. ವಿರೋಧವನ್ನು ವಿರೋಧವಾಗಿಯೇ ಬರೆದಿಡಬೇಕು. 'ಮೌನ' ಎಂಬ ಪದ ಪದ್ಯದಲ್ಲಿ ಎಲ್ಲಿದೆ?

'ಮಗ್ಗದೊಳಗೆ' ಎಂಬುದನ್ನು ಇಚಲಕರಂಜಿಯ ನಮ್ಮ ಹುಡುಗರು ವಿದ್ಯುನ್ಮಗ್ಗ ಎಂದು ತಿಳಿದರೆ ತಪ್ಪು ಅವರದಲ್ಲ. ಅವರು ಹುಟ್ಟಿದಂದಿನಿಂದ ಕೇಳಿದ ಸದ್ದು ಅದೇ. ಆದರೆ 'ಒಳಗೆ' ಎಂದಿದೆ. ವಿದ್ಯುನ್ಮಗ್ಗದ ಮುಂದೆ ನಿಲ್ಲುತ್ತಾರೆ, ಒಳಗೆ ಕೂಡುವುದಿಲ್ಲ. ಕುಣಿಮಗ್ಗದಲ್ಲಿ ನೇಕಾರರು ಕುಣಿಯೊಳಗೆ ಕಾಲಿಳಿಬಿಟ್ಟು ನೆಲದ ಮಟ್ಟದಲ್ಲಿ ಕೂಡುತ್ತಾರೆ. ಆ ಅರ್ಥದಲ್ಲಿ 'ಒಳಗೆ' ಎಂಬುದು ಅಲಂಕಾರವಲ್ಲ, ಇದ್ದ ಸಂಗತಿಯೇ. ಅಲಂಕಾರವೆಂದು ನಾವು ತಿಳಿಯುವ ಎಷ್ಟೋ ಮಾತುಗಳು ಕಸಬಿನ ಸಾದಾ ಮಾತುಗಳಾಗಿರುತ್ತವೆ. ಇದಕ್ಕೆ ಮೂರನೆಯ ಸಾಲಿನ 'ಹೊಕ್ಕು' ಇನ್ನೂ ಒಳ್ಳೆಯ ಸಾಕ್ಷಿ. ಅದಕ್ಕೆ ಬರುವ ಮುನ್ನ 'ನೇಯ್ದಳೇನು?' ಎಂಬುದನ್ನು ಮುಗಿಸೋಣ. 'ಏನನ್ನು ನೇಯ್ದಳು?' ಎಂದೂ ಆಗಬಹುದು, 'ನೇಯ್ದಳೋ ಇಲ್ಲವೋ?' ಎಂದೂ ಆಗಬಹುದು. ಮುಂದಿನ ಎರಡು ಸಾಲು ನೇಯ್ಗೆಯ ವಿವರ ಹೇಳುತ್ತಿರುವುದರಿಂದ ಮೊದಲನೆಯದು ಹೆಚ್ಚು ಸಂಭವನೀಯ. ಆದರೆ ಕೊನೆಯ ಸಾಲು ಅದು ಸೀರೆಯಾಗದೆಯೂ ಹೋಗಬಹುದೆನ್ನುತ್ತದೆ. ಹೀಗಾಗಿ ಎರಡನೆಯದರ ಮುಂದೆ ಪ್ರಶ್ನೆಯ ಗುರುತು ಹಾಕಿ ಉಳಿಸಿಕೊಳ್ಳುತ್ತೇವೆ.

ಈಗ ನಮ್ಮ ಗಡಿಭಾಗದ್ದೇ ಆದ ಒಂದು ಕಂಟಕ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮತ್ತು ಕಚೇರಿಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ 'ರಾಗ' ಎಂದೊಡನೆ ಹೊಳೆಯುವುದು ಸಿಟ್ಟು. ಮರಾಠಿಯಲ್ಲಿ ರಾಗ ಬಂತೆಂದರೆ ಸಿಟ್ಟು ಬಂತೆಂದರ್ಥ. 'ಸಿಟ್ಟು ತೀರದ ಎಳೆ' ಎಂದು ಗಡಹಿಂಗ್ಲಜದ ಹುಡುಗಿಯೊಬ್ಬಳು ಬರೆದರೆ ವಾಕ್ಯ ಎಲ್ಲಿಯೂ ಮುಗ್ಗರಿಸುವುದಿಲ್ಲ, ಅರ್ಥವತ್ತಾಗಿಯೇ ಕಾಣುತ್ತದೆ. ಅಪಾಯವಿರುವುದು ಅಲ್ಲಿಯೇ. ಅರ್ಥವಾಗದ ಪದ ನಮ್ಮನ್ನು ಕೋಶದವರೆಗೆ ಕಳಿಸುತ್ತದೆ. ತಪ್ಪಾಗಿ ಅರ್ಥವಾದ ಪದ ಕಳಿಸುವುದಿಲ್ಲ. ಸಂಸ್ಕೃತದಿಂದ ಎರಡೂ ಭಾಷೆಗೆ ಬಂದ ಪದ ಕಂಡಾಗಲೆಲ್ಲ, ಗೊತ್ತಿದೆ ಎನಿಸಿದರೂ, ಕನ್ನಡ ಕೋಶವನ್ನು ತೆರೆಯಬೇಕೆಂಬ ನಿಯಮವನ್ನು ನಮ್ಮ ಓದುಕೂಟಗಳು ಹಾಕಿಕೊಳ್ಳುವುದು ಒಳ್ಳೆಯದು. 1894ರ ಕಿಟೆಲ್ ಕೋಶವಾಗಲಿ, ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಾಗಲಿ ಕೈಯಳತೆಯಲ್ಲಿರಲಿ. ಕೋಶದಲ್ಲಿ ರಾಗಕ್ಕೆ ಹಾಡಿನ ರಾಗ, ಒಲವು, ಬಣ್ಣ, ಅದರಲ್ಲೂ ಕೆಂಪು, ಎಂಬ ಅರ್ಥಗಳು ಸಿಗುತ್ತವೆ. ಎಳೆಗೆ ನೇರವಾಗಿ ಹೊಂದುವುದು ಬಣ್ಣ: 'ಬಣ್ಣ ಮುಗಿದುಹೋಗದ ಎಳೆ'. ಹಾಡು, ಒಲವು ಕೆಳಗಿನ ಸಾಲಿನಲ್ಲಿ ಕಾದಿರಲಿ. ಅಂದಹಾಗೆ, 'ತೀರದ' ಎಂಬಲ್ಲಿ ದಂಡೆಯ ಅರ್ಥವನ್ನು ಹಿಡಿದು ಹೊಳೆಯ ದಂಡೆಗೆ ಓಡುವವರೂ ಸಿಗುತ್ತಾರೆ. ಆಗ 'ರಾಗ' ಎಂಬ ಪದ ಯಾವುದಕ್ಕೂ ಅಂಟದೆ ಒಂಟಿಯಾಗಿ ಉಳಿಯುತ್ತದೆ. ಒಂದು ಪದ ಹೀಗೆ ಅನಾಥವಾಗಿ ಉಳಿದರೆ ನಮ್ಮ ಅನ್ವಯ ತಪ್ಪಿದೆಯೆಂದು ತಿಳಿಯಬೇಕು.

'ಹೊಕ್ಕು' ಎಂದೊಡನೆ ಪುಸ್ತಕ ಓದಿದವರು 'ಪ್ರವೇಶಿಸಿ' ಎನ್ನುತ್ತಾರೆ: ಇರುಳು ಎಳೆಯನ್ನು ಪ್ರವೇಶಿಸಿ... ಪ್ರವೇಶಿಸಿ ಏನು ಮಾಡಿತು? ಉತ್ತರವಿಲ್ಲ, ಏಕೆಂದರೆ ಅಲ್ಲಿಗೆ ವಾಕ್ಯ ನಿಂತಿದೆ. ಮುಂದಿನ ಸಾಲಿನ ಕರ್ತೃವೇ ಬೇರೆ. ಅಲ್ಲದೆ ಪ್ರವೇಶಿಸುವ ಹೊಕ್ಕುವಿಗೆ 'ಎಳೆಯನ್ನು' ಎಂದೋ 'ಎಳೆಯೊಳಗೆ' ಎಂದೋ ಇರಬೇಕಿತ್ತು. 'ಎಳೆಗೆ' ಎಂದಿದೆ. ನೇಕಾರರ ಮನೆಯವರು ಇದನ್ನು ಕ್ಷಣದಲ್ಲಿ ಬಿಡಿಸುತ್ತಾರೆ. ಉದ್ದಕ್ಕೆ ಹಾಸಿದ ನೂಲು ಹಾಸು. ಅಡ್ಡಕ್ಕೆ ಲಾಳಿಯಿಂದ ಹಾಯಿಸುವ ನೂಲು ಹೊಕ್ಕು. ಆ ಎಳೆಗೆ ಇರುಳೇ ಹೊಕ್ಕು ಆಗಿದೆ. ಪದ್ಯ ಹೇಳದೆ ಬಿಟ್ಟ ಇನ್ನೊಂದು ಸಂಗತಿಯೂ ಆಗ ಹೊರಬೀಳುತ್ತದೆ: 'ಎಳೆ' ಎಂದದ್ದು ಹಾಸಿನ ಎಳೆಯನ್ನು.

ಕೊನೆಯ ಸಾಲಿನಲ್ಲಿ ಬೆಳಗು ಬಿಡಿಸುತ್ತದೆಯೋ, ಅವಳು ಬೆಳಗನ್ನು ಬಿಡಿಸುತ್ತಾಳೋ ಎಂಬುದು ವ್ಯಾಕರಣದಿಂದ ತೀರ್ಮಾನವಾಗುವುದಿಲ್ಲ. ನಿರ್ಜೀವ ವಸ್ತುವಿಗೆ 'ಅನ್ನು' ಹಚ್ಚದೆಯೇ ಕರ್ಮವಾಗಿ ಬಳಸುವುದು ಕನ್ನಡದ ಜಾಯಮಾನ. ಸೀರೆ ಉಟ್ಟಳು ಎನ್ನುತ್ತೇವೆ. ಬೆಳಗೇ ಕರ್ತೃವೆಂದು ಹಿಡಿದು, ಮತ್ತೊಂದನ್ನು ಗುರುತು ಹಾಕಿ ಇಡುತ್ತೇವೆ. 'ಬಿಡಿಸಿದರೆ' ಮತ್ತು 'ಬಿಡದಿರೆ' ಒಂದೇ ಕ್ರಿಯೆಯ ಹೌದು-ಅಲ್ಲಗಳಲ್ಲ ಎಂಬುದನ್ನೂ ಗಮನಿಸಬೇಕು. ಮೊದಲನೆಯದು ಬಿಚ್ಚುವುದು, ಎರಡನೆಯದು ಬಿಡುವುದು. ಇಷ್ಟೆಲ್ಲ ಆದ ಮೇಲೆ ನಮ್ಮ ಹಾಳೆಯ ಮೇಲೆ ಇರುವುದು ಇಷ್ಟು:

ಒಂದು ಕಲ್ಲು ಹೊಳೆಯನ್ನು ನೆನಪಿಸಿಕೊಂಡು ನಿಂತಿದೆ (ಅಥವಾ: ಹೊಳೆಯ ಕಲ್ಲೊಂದು ತೊಯ್ದು ನಿಂತಿದೆ). ಅದು ಒಂದು ಮಾತನ್ನು ಹೇಳಲಿಲ್ಲ. ಆ ಮಾತನ್ನು ಮಗ್ಗದೊಳಗೆ (ಕುಳಿತು) ಒಬ್ಬ ಹೆಂಗಸು ಕೇಳಿಸಿಕೊಂಡಳು. ಅವಳು ಏನನ್ನು ನೇಯ್ದಳು? (ಅಥವಾ: ನೇಯ್ದಳೇ?) ಬಣ್ಣ (ಅಥವಾ: ಹಾಡು, ಒಲವು) ಮುಗಿಯದ (ಹಾಸಿನ) ಎಳೆಗೆ ಇರುಳೇ ಹೊಕ್ಕಿನ ನೂಲು (ಆಗಿದೆ). ಬೆಳಗು (ಅದನ್ನು) ಬಿಚ್ಚಿದರೆ (ಅದು) ಸೀರೆ (ಆಗುತ್ತದೆ). ಬಿಡದಿದ್ದರೆ ನೀರು (ಆಗುತ್ತದೆ).

ಇದರಲ್ಲಿ ನೀರು ನೀರಾಗಿಯೇ ಉಳಿದಿದೆ. 'ಕಣ್ಣೀರು' ಎಂದು ಬರೆಯಲು ಕೈ ತುರಿಸುತ್ತದೆ, ಬರೆಯಬಾರದು. ಕಣ್ಣು ಪದ್ಯದಲ್ಲಿಲ್ಲ. ಆಮೇಲೆ ವ್ಯಾಖ್ಯಾನದಲ್ಲಿ ಅದು ಕಣ್ಣೀರೆಂದು ವಾದಿಸಲು ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ. ಆಗ ಅದು ನಿಮ್ಮ ಊಹೆಯೆಂದು ನಿಮಗೂ ಕೇಳುವವರಿಗೂ ಗೊತ್ತಿರುತ್ತದೆ. ಮೊದಲ ಸಾಲಿನ ಹೊಳೆಯೇ ಕೊನೆಯಲ್ಲಿ ನೀರಾಗಿ ಮರಳಿತೆಂದು ಇನ್ನೊಬ್ಬರು ವಾದಿಸಬಹುದು. ಅವರ ಕೈಯಲ್ಲಿ ಪದ್ಯದೊಳಗಿನ ಸಾಕ್ಷಿ ಇದೆ. ಯಾರ ವಾದ ಗಟ್ಟಿ ಎಂದು ತೂಗಲು ನಮ್ಮಲ್ಲಿ ಈಗ ಒಂದು ತಕ್ಕಡಿ ಇದೆ. ಎರಡು ನಿಮಿಷದ ತೀರ್ಪಿನಲ್ಲಿ ಅದು ಇರಲಿಲ್ಲ.

ನಮ್ಮ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡನ್ನು ಮಾತ್ರ ಗಂಭೀರವಾಗಿ ಎಣಿಸುತ್ತೇವೆ. ಗದ್ಯಕ್ಕೆ ಇಳಿಸಿದರೆ ಕವಿತೆ ಸಾಯುತ್ತದೆ ಎಂಬುದು ಮೊದಲನೆಯದು. ಅಮೆರಿಕದ ವಿಮರ್ಶಕ ಕ್ಲಿಯಂತ್ ಬ್ರೂಕ್ಸ್ 1947ರಲ್ಲಿ ಗದ್ಯಾನುವಾದವೇ ಕವಿತೆಯ ಸಾರವೆಂದು ನಂಬುವುದನ್ನು ಪಾಷಂಡವೆಂದೇ ಕರೆದನು. ಆತನ ಹೆಸರನ್ನು ನಮ್ಮ ಎದುರು ಎತ್ತುವವರಿದ್ದಾರೆ. ಆದರೆ ಆತನು ಖಂಡಿಸಿದ್ದು ಗದ್ಯವನ್ನು ಕವಿತೆಯ ಸ್ಥಾನದಲ್ಲಿ ಕೂರಿಸುವುದನ್ನು. ಗದ್ಯವನ್ನು ಬರೆದು ಕವಿತೆಯ ಪಕ್ಕದಲ್ಲಿಡುವುದನ್ನಲ್ಲ. ಪಕ್ಕದಲ್ಲಿಟ್ಟಾಗಲೇ ಏನು ಸೋರಿಹೋಯಿತೆಂದು ಕಾಣುವುದು. ಮೇಲಿನ ಗದ್ಯದಲ್ಲಿ 'ನೆನೆದು' ಎಂಬ ಒಂದು ಪದ ಎರಡು ವಾಕ್ಯವಾಗಿ ಒಡೆದಿದೆ. ಪದ್ಯದಲ್ಲಿ ನೆನಪೂ ತೇವವೂ ಒಂದೇ ಉಸಿರಿನಲ್ಲಿದ್ದವು. ಕಂಸದೊಳಗೆ 'ಅಥವಾ' ಎಂದು ಬರೆದ ಕಡೆಗಳನ್ನು ಪಟ್ಟಿಮಾಡಿದರೆ ವ್ಯಾಖ್ಯಾನ ಎಲ್ಲಿಂದ ಶುರುವಾಗಬೇಕೋ ಆ ಜಾಗಗಳ ಪಟ್ಟಿಯೇ ಸಿಕ್ಕಂತಾಯಿತು. ಅದಕ್ಕೂ ಮುಂಚೆ, 1929ರಲ್ಲಿ, ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್‌ನು ಕವಿಗಳ ಹೆಸರು ಮರೆಮಾಡಿ ಪದ್ಯಗಳನ್ನು ಹಂಚಿ, ಓದಿದವರು ಬರೆದುಕೊಟ್ಟ ಟಿಪ್ಪಣಿಗಳನ್ನು ಪರಿಶೀಲಿಸಿ ಒಂದು ಗ್ರಂಥ ಬರೆದನು. ಅವನು ಗುರುತಿಸಿದ ತೊಡಕುಗಳಲ್ಲಿ ಮೊದಲನೆಯದೇ ಪದ್ಯದ ಸಾದಾ ಅರ್ಥ ಕೈಗೆ ಸಿಗದಿರುವುದು. ಇಂಗ್ಲಿಷ್ ಸಾಹಿತ್ಯವನ್ನೇ ಓದುತ್ತಿದ್ದವರ ಪಾಡು ಹಾಗಿದ್ದರೆ ನಮಗೇನು ನಾಚಿಕೆ?

ಎರಡನೆಯ ಆಕ್ಷೇಪ ನಮ್ಮದೇ ಪರಂಪರೆಯಿಂದ ಬರುತ್ತದೆ: ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಹೇಗೆ ಗದ್ಯ ಮಾಡುತ್ತೀರಿ? ಅಲ್ಲಿ ಮೇಲ್ಮೈಯ ಅರ್ಥವೇ ಅಸಂಗತವಲ್ಲವೇ? ಹೌದು, ಅಸಂಗತವೇ. ಆ ಅಸಂಗತಿಯನ್ನು ಕಣ್ಣಾರೆ ಕಾಣಬೇಕೆಂದೇ ಅದನ್ನು ಬರೆಯಬೇಕು. ಒಗಟು ಏನೆಂದು ಕೇಳದವನಿಗೆ ಒಗಟಿನ ಬಿಡುಗಡೆ ಏಕೆ? ಹಳೆಯ ಟೀಕಾಕಾರರು ಒಂದೊಂದು ಚಿತ್ರಕ್ಕೆ ಒಂದೊಂದು ತತ್ತ್ವವನ್ನು ಜೋಡಿಸಿದರು. ಅವರ ಕಾಲದ ಕೇಳುಗರಿಗೆ ಚಿತ್ರ ಮೊದಲೇ ಕಂಡಿತ್ತು. ನಾವು ಟೀಕೆಯನ್ನು ಬಾಯಿಪಾಠ ಮಾಡಿ ಚಿತ್ರವನ್ನು ಕಳೆದುಕೊಂಡಿದ್ದೇವೆ. ಬೇಂದ್ರೆಯವರ ಪಾಡೂ ಇದೇ. 'ಶಬ್ದಗಾರುಡಿಗ' ಎಂಬ ಬಿರುದನ್ನು ಹೇಳಿ ಕೈಮುಗಿದುಬಿಟ್ಟರೆ ಅವರ ಶಬ್ದಗಳನ್ನು ಬಿಡಿಸುವ ಹೊಣೆ ತಪ್ಪುತ್ತದೆ. ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷ ಕಲಿಸಿದ, ಮರಾಠಿಯಲ್ಲಿಯೂ ಬರೆದ ಆ ಕವಿಯನ್ನು ಓದಲು, ಬೆಳಗಾವಿ-ಧಾರವಾಡದ ಆಡುಮಾತು ಮನೆಯಲ್ಲಿರುವ, ಮರಾಠಿಯೂ ಬಲ್ಲ ನಮಗಿರುವ ಅನುಕೂಲ ಮೈಸೂರಿನವರಿಗೂ ಇಲ್ಲ. ಆ ಅನುಕೂಲವನ್ನು ನಾವು ಬಿರುದಾವಳಿಗೆ ಖರ್ಚು ಮಾಡುತ್ತಿದ್ದೇವೆ.

ಈ ವಿಧಾನಕ್ಕೆ ಮಿತಿ ಇಲ್ಲವೆಂದು ನಾವು ಹೇಳುವುದಿಲ್ಲ. ನಾದವೇ ಮುಖ್ಯವಾದ ಜೋಗುಳ, ಕೋಲುಪದಗಳಲ್ಲಿ ಅರ್ಥವಿಲ್ಲದ ಪಲ್ಲವಗಳು ಬರುತ್ತವೆ. ಅವನ್ನು ಗದ್ಯ ಮಾಡಲು ಹೊರಟರೆ ಹಾಸ್ಯಾಸ್ಪದವಾಗುತ್ತದೆ. ಅಲ್ಲಿ 'ಇದು ನಾದ, ಅರ್ಥವಲ್ಲ' ಎಂದು ಬರೆದು ಮುಂದೆ ಸಾಗಬೇಕು. ಇಡೀ ಮಹಾಕಾವ್ಯಕ್ಕೆ ಈ ಕೆಲಸ ಒಬ್ಬರಿಂದ ಆಗದು. ಮೇಲಿನ ನಾಲ್ಕು ಸಾಲಿಗೇ ಎಷ್ಟು ಪುಟ ಹಿಡಿಯಿತೆಂದು ನೀವೇ ಕಂಡಿದ್ದೀರಿ. ಆದರೆ ಒಂದು ಸಂಜೆಗೆ ಒಂದು ಚಿಕ್ಕ ಪದ್ಯ ಧಾರಾಳವಾಗಿ ಆಗುತ್ತದೆ.

ಆದುದರಿಂದ ಸಂಘದ ಕಾರ್ಯಕಾರಿ ಮಂಡಳಿಯ ಮುಂದೆ ನಮ್ಮ ಒಂದು ಸೂಚನೆ ಇದೆ. ಮುಂದಿನ ಸಮ್ಮೇಳನದ ಕಾವ್ಯಗೋಷ್ಠಿಯಲ್ಲಿ ವ್ಯಾಖ್ಯಾನಕ್ಕೆ ಮೊದಲು ಅರ್ಧ ತಾಸು ಗದ್ಯಕ್ಕೆ ಮೀಸಲಿರಲಿ. ಪದ್ಯವನ್ನು ಅಗಲವಾದ ಅಂತರ ಬಿಟ್ಟು ಅಚ್ಚುಮಾಡಿ ಎಲ್ಲರಿಗೂ ಹಂಚಲಿ. ನಾಲ್ಕು ನಾಲ್ಕು ಮಂದಿ ಸೇರಿ ಸಾಲಿನ ಕೆಳಗೆ ಗದ್ಯ ಬರೆಯಲಿ. ಪ್ರತಿ ಗುಂಪಿನಲ್ಲಿ ಮಾಸ್ತರರು ಒಬ್ಬರೇ ಸಾಕು, ಉಳಿದವರು ಮನೆಯ ಹಿರಿಯರೂ ಶಾಲೆಯ ಮಕ್ಕಳೂ ಆಗಿರಲಿ. 'ಹೊಕ್ಕು' ಎಂಬುದನ್ನು ಮಾಸ್ತರರು ಪ್ರವೇಶಿಸಿ ಎಂದು ಬರೆಯುವಾಗ ಪಕ್ಕದಲ್ಲಿ ಕುಳಿತ ಇಚಲಕರಂಜಿಯ ಅಜ್ಜಿಯೊಬ್ಬಳು ಅಲ್ಲವೆಂದು ಹೇಳಲು ಅಲ್ಲಿ ಇರಬೇಕು.